ಜಾಕೆಟ್ ಮೇಲಿನ 800 ಏನು ಹೇಳುತ್ತದೆ?

ಆನ್‌ಲೈನ್‌ನಲ್ಲಿ ಚಳಿಗಾಲದ ದಪ್ಪ ಜಾಕೆಟ್ ಕೊಳ್ಳುವಾಗ ಮುಟ್ಟಿ ನೋಡಲಾಗದು, ವಿವರಣೆಯನ್ನೇ ನೆಚ್ಚಬೇಕು. ಅಲ್ಲಿ ಎದ್ದು ಕಾಣುವುದು ‘800 ಫಿಲ್ ಪವರ್’ ಎಂಬ ಅಂಕಿ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ, ಬಾತುಕೋಳಿಯ ನವಿರು ಗರಿ ಅರಳಿದಾಗ ಎಷ್ಟು ಘನ ಅಂಗುಲ ಜಾಗ ತುಂಬುತ್ತದೆ ಎಂಬ ಲೆಕ್ಕ ಅದು. ಮೈಯ ಶಾಖವನ್ನು ತಡೆದಿಡುವುದು ಆ ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿ. ಆದರೆ ಒಳಗೆ ಗರಿ ಎಷ್ಟಿದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. 800ರ ಗರಿ 80 ಗ್ರಾಂ ಇದ್ದರೆ ಗುಣಿಸಿದಾಗ 64,000. 600ರದ್ದು 150 ಗ್ರಾಂ ಇದ್ದರೆ 90,000. ಹೊಲಿಗೆ, ಅಳತೆ ಒಂದೇ ಆಗಿದ್ದರೆ ಎರಡನೆಯದೇ ಹೆಚ್ಚು ಬೆಚ್ಚಗೆ, ತೂಕ ಮಾತ್ರ ಜಾಸ್ತಿ. ಗರಿಯ ತೂಕ ಬರೆಯದ ಅಂಗಡಿಯನ್ನು ನಾನಂತೂ ನಂಬುವುದಿಲ್ಲ.

ಗರಿ ಒದ್ದೆಯಾದರೆ ಮುದ್ದೆಯಾಗುತ್ತದೆ, ಬೆಚ್ಚಗಿಡುವುದನ್ನೇ ಬಿಡುತ್ತದೆ. ಹೊರಬಟ್ಟೆಗೆ ನೀರು ಜಾರಿಸುವ ಲೇಪನವಿದ್ದರೆ ತುಂತುರು ಹನಿ ತಡೆದೀತು, ಜೋರು ಮಳೆಯನ್ನಲ್ಲ. ಮಳೆಯಲ್ಲಿ ತಿರುಗುವವರಿಗೆ ಪಾಲಿಯೆಸ್ಟರ್ ತುಂಬಿದ ಜಾಕೆಟ್ಟೇ ವಾಸಿ. ಟೋಪಿಗೆ ಎಳೆದು ಬಿಗಿಯುವ ದಾರವಿರಲಿ; ಇಲ್ಲದಿದ್ದರೆ ಗಾಳಿಗೆ ಹಿಂದಕ್ಕೆ ಹಾರುತ್ತದೆ. ಜೇಬಿಗೆ ಜಿಪ್ ಬೇಕು. ಒಳಜೇಬೂ ಇದ್ದರೆ ಮೊಬೈಲ್ ಬ್ಯಾಟರಿ ಚಳಿಗೆ ಬೇಗ ಇಳಿಯದು. ಡಿಸೆಂಬರ್‌ನಲ್ಲಿ ಮನಾಲಿಗೆ ಹೊರಟವರು ಸ್ವೆಟರ್ ಮೇಲೆ ಹಾಕಿಕೊಳ್ಳುವಷ್ಟು ಸಡಿಲವಾದ ಅಳತೆಯದನ್ನೇ ತರಿಸಿಕೊಳ್ಳಿ.