ಕೈಗೆ ಸರಿಹೊಂದುವ ಗ್ಲೌಸ್: ಸುತ್ತಳತೆ ಮತ್ತು ಬೆರಳುದ್ದದ ಲೆಕ್ಕ

ಗ್ಲೌಸಿನ ಅಳತೆಯನ್ನು ಕೈಯ ಎರಡು ಅಳತೆಗಳು ನಿರ್ಧರಿಸುತ್ತವೆ. ಮೊದಲನೆಯದು ಅಂಗೈಯ ಸುತ್ತಳತೆ. ಎರಡನೆಯದು ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಉದ್ದ. ಗ್ಲೌಸಿನ ಮೇಲೆ ಅಚ್ಚಾಗಿರುವ 7, 8, 9 ಎಂಬ ಸಂಖ್ಯೆಗಳು ಹುಟ್ಟಿದ್ದು ಮೊದಲನೆಯದರಿಂದ. ಹಾಗಾಗಿ ಕೊಳ್ಳುವವರು ಹೆಚ್ಚಾಗಿ ಅದನ್ನಷ್ಟೇ ನೋಡುತ್ತಾರೆ, ಉದ್ದವನ್ನು ಮರೆಯುತ್ತಾರೆ. ಆದರೆ ಹಾಕಿಕೊಂಡ ಮೇಲೆ ತೊಂದರೆ ಕೊಡುವುದು ಹೆಚ್ಚಾಗಿ ಉದ್ದವೇ.

ಸುತ್ತಳತೆ ತೆಗೆಯಲು ದರ್ಜಿಯ ಟೇಪು ಸಾಕು. ಯಾವ ಕೈಯಿಂದ ಹೆಚ್ಚು ಕೆಲಸ ಮಾಡುತ್ತೇವೆಯೋ ಆ ಕೈಯನ್ನೇ ಅಳೆಯಬೇಕು, ಏಕೆಂದರೆ ಅದು ಸಾಮಾನ್ಯವಾಗಿ ಇನ್ನೊಂದಕ್ಕಿಂತ ತುಸು ದಪ್ಪ. ಬೆರಳುಗಳನ್ನು ಜೋಡಿಸಿ ಕೈಯನ್ನು ಸಡಿಲವಾಗಿ ಚಾಚಿ, ಹೆಬ್ಬೆರಳನ್ನು ಹೊರಗೆ ಬಿಟ್ಟು, ಅಂಗೈಯ ಅತ್ಯಂತ ಅಗಲವಾದ ಭಾಗಕ್ಕೆ, ಎಂದರೆ ಬೆರಳ ಬುಡದ ಗೆಣ್ಣುಗಳ ಹತ್ತಿರ, ಟೇಪನ್ನು ಸುತ್ತಬೇಕು. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಹೆಬ್ಬೆರಳನ್ನೂ ಸೇರಿಸಿ ಸುತ್ತುವುದು ಎಲ್ಲರೂ ಮಾಡುವ ತಪ್ಪು. ಅದರಿಂದ ಅಳತೆ ಸುಳ್ಳೇ ಹಿಗ್ಗಿ, ಒಂದೆರಡು ಸೈಜು ದೊಡ್ಡದಾದ ಗ್ಲೌಸ್ ಕೈಗೆ ಬರುತ್ತದೆ. ಟೇಪು ಇಲ್ಲದಿದ್ದರೆ ದಾರವನ್ನು ಸುತ್ತಿ, ಅದು ಕೂಡುವ ಜಾಗಕ್ಕೆ ಗುರುತು ಹಾಕಿ, ಸ್ಕೇಲಿನ ಮೇಲೆ ಚಾಚಿ ನೋಡಬಹುದು.

ಉದ್ದವನ್ನು ಅಳೆಯುವಾಗ ಅಂಗೈ ಮೇಲ್ಮುಖವಾಗಿರಲಿ. ಮಣಿಕಟ್ಟಿನ ಬಳಿ ಅಂಗೈ ಆರಂಭವಾಗುವಲ್ಲಿನ ಮಡಿಕೆಯ ಗೆರೆಯಿಂದ ನಡುಬೆರಳ ತುದಿಯವರೆಗೆ ನೇರವಾಗಿ ಅಳೆಯಬೇಕು. ಉಗುರು ಬೆರಳ ತುದಿಯನ್ನು ದಾಟಿ ಬೆಳೆದಿದ್ದರೆ ಅದನ್ನು ಲೆಕ್ಕಕ್ಕೆ ಸೇರಿಸಬಾರದು.

ಕೆಲಸದ ಗ್ಲೌಸಿಗೆ ಯುರೋಪಿನ ಮಾನದಂಡವೊಂದು ಬಹಳ ಕಾಲದಿಂದ ಬಳಕೆಯಲ್ಲಿದೆ. ಹಿಂದೆ ಅದನ್ನು EN 420 ಎನ್ನುತ್ತಿದ್ದರು. ಈಗ EN ISO 21420 ಎನ್ನುವುದು ಅದರ ಜಾಗಕ್ಕೆ ಬಂದಿದೆ. EN 420ರ ಪಟ್ಟಿಯಲ್ಲಿ 7ನೇ ಸೈಜಿನ ಕೈಗೆ ಸುತ್ತಳತೆ 178 ಮಿಲಿಮೀಟರ್, ಉದ್ದ 171. 8ಕ್ಕೆ 203 ಮತ್ತು 182. 9ಕ್ಕೆ 229 ಮತ್ತು 192. 10ಕ್ಕೆ 254 ಮತ್ತು 204. ಸುತ್ತಳತೆಯನ್ನು 25.4ರಿಂದ ಭಾಗಿಸಿದರೆ ಬರುವ ಇಂಚುಗಳೇ ಸೈಜು ಎಂಬುದನ್ನು ಇಲ್ಲಿ ನೋಡಬಹುದು. ಒಂದು ಸೈಜಿನಿಂದ ಮುಂದಿನದಕ್ಕೆ ಸುತ್ತಳತೆ ಸುಮಾರು 25 ಮಿಲಿಮೀಟರ್ ಹೆಚ್ಚಿದರೆ ಉದ್ದ ಹೆಚ್ಚುವುದು ಕೇವಲ 10ರಿಂದ 12 ಮಿಲಿಮೀಟರ್.

ಚಳಿಗಾಲಕ್ಕೆಂದು ಹೊಲಿಯುವ ಚರ್ಮದ ನಾಜೂಕಾದ ಗ್ಲೌಸುಗಳ ಲೆಕ್ಕ ಬೇರೆ, ಇದು ಕೊಳ್ಳುವವರಿಗೆ ದೊಡ್ಡ ಗೊಂದಲ. ಯುರೋಪಿನ ಸಾಂಪ್ರದಾಯಿಕ ಗ್ಲೌಸ್ ತಯಾರಕರು ಹಳೆಯ ಫ್ರೆಂಚ್ ಇಂಚನ್ನು ಬಿಟ್ಟಿಲ್ಲ. ಗ್ಲೌಸ್ ಉದ್ಯಮಕ್ಕೆ ಹೆಸರಾದ ಫ್ರಾನ್ಸಿನ ಗ್ರೆನೊಬಲ್ ನಗರದ ಕ್ಸಾವಿಯೆ ಜುವ್ಯಾಂ 19ನೇ ಶತಮಾನದ ಮೊದಲರ್ಧದಲ್ಲಿ ಕೈಗಳ ಅಳತೆಯನ್ನು ವರ್ಗೀಕರಿಸಿ ಗ್ಲೌಸಿನ ಸೈಜುಗಳಿಗೆ ಒಂದು ಕ್ರಮ ತಂದ. ಫ್ರೆಂಚ್ ಇಂಚು ಸುಮಾರು 27 ಮಿಲಿಮೀಟರ್. ಹೀಗಾಗಿ ಆ ಲೆಕ್ಕದ 8ನೇ ಸೈಜಿಗೆ ಸುತ್ತಳತೆ ಸುಮಾರು 216 ಮಿಲಿಮೀಟರ್, ಕೆಲಸದ ಗ್ಲೌಸಿನ 8ಕ್ಕೆ 203. ಸಂಖ್ಯೆ ಒಂದೇ ಆದರೂ ವ್ಯತ್ಯಾಸ ಅರ್ಧ ಸೈಜಿನಷ್ಟು. ಎಸ್, ಎಂ, ಎಲ್ ಎಂಬ ಅಕ್ಷರಗಳು ಇನ್ನೂ ಸಡಿಲ. ಒಬ್ಬ ತಯಾರಕರ ಎಂ ಇನ್ನೊಬ್ಬರ ಎಲ್ ಆಗಿರಬಹುದು. ಆದ್ದರಿಂದ ಆಯಾ ತಯಾರಕರ ಪಟ್ಟಿಯಲ್ಲಿ ಮಿಲಿಮೀಟರ್ ನೋಡಿಯೇ ಆರಿಸುವುದು ಒಳ್ಳೆಯದು.

ಎರಡೂ ಅಳತೆಗಳು ಒಂದೇ ಸೈಜನ್ನು ತೋರಿಸಿದರೆ ಕೆಲಸ ಮುಗಿಯಿತು. ತೋರಿಸದಿದ್ದಾಗ ಏನು ಮಾಡಬೇಕು? ಒಂದು ಕೈಯ ಸುತ್ತಳತೆ 208 ಮಿಲಿಮೀಟರ್, ಉದ್ದ 198 ಎಂದುಕೊಳ್ಳೋಣ. ನೀಳವಾದ, ತೆಳ್ಳನೆಯ ಕೈ ಇದು. ಸುತ್ತಳತೆಯಂತೆ 8 ಸಾಕು, ಉದ್ದದಂತೆ 9 ಮತ್ತು 10ರ ನಡುವೆ ಬರುತ್ತದೆ. 8ನ್ನು ಕೊಂಡರೆ ಬೆರಳಿಗೆ 16 ಮಿಲಿಮೀಟರ್‌ನಷ್ಟು ಜಾಗ ಕಡಿಮೆಯಾಗುತ್ತದೆ. ಬೆರಳು ಮಡಚಿದಾಗೆಲ್ಲ ಬೆರಳ ಸಂದುಗಳಲ್ಲಿ ಹೊಲಿಗೆ ಎಳೆಯುತ್ತದೆ, ಕೈ ಬೇಗ ದಣಿಯುತ್ತದೆ, ತುದಿ ಬೇಗ ಹರಿಯುತ್ತದೆ. 10ನ್ನು ಕೊಂಡರೆ ಅಂಗೈಯಲ್ಲಿ 46 ಮಿಲಿಮೀಟರ್ ಹೆಚ್ಚಾಗಿ ಬಟ್ಟೆ ನೆರಿಗೆ ಕಟ್ಟುತ್ತದೆ, ಹಿಡಿದ ಸಾಮಾನು ಅಂಗೈಯೊಳಗೆ ಜಾರುತ್ತದೆ. ಈ ಕೈಗೆ 9 ಸರಿ. ಹೆಣೆದ ಬಟ್ಟೆಯ ಗ್ಲೌಸಾದರೆ ಉದ್ದದಲ್ಲಿ ಕೊರತೆಯಾದ 6 ಮಿಲಿಮೀಟರನ್ನು ಹೆಣಿಗೆಯೇ ಎಳೆದುಕೊಳ್ಳುತ್ತದೆ, ಅಗಲದಲ್ಲಿ ಹೆಚ್ಚಿರುವುದು ಕೈಗೆ ಅಂಟಿಕೊಳ್ಳುತ್ತದೆ. ಅದೇ ಕೈಗೆ ಫ್ರೆಂಚ್ ಲೆಕ್ಕದ ಚರ್ಮದ ಗ್ಲೌಸಾದರೆ 208ನ್ನು 27ರಿಂದ ಭಾಗಿಸಿದಾಗ 7.7 ಬರುತ್ತದೆ, ಅಲ್ಲಿ 8 ಕೊಳ್ಳಬೇಕು. ಆದರೆ ಚರ್ಮ ಬಳಸುತ್ತ ಅಗಲಕ್ಕೆ ಹಿಗ್ಗುತ್ತದೆಯೇ ಹೊರತು ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ. ಹಾಗಾಗಿ ಬೆರಳು ಗಿಡ್ಡವೆನಿಸಿದ ಚರ್ಮದ ಗ್ಲೌಸು ಮುಂದೆ ಸರಿಹೋದೀತೆಂದು ಕಾಯುವುದು ವ್ಯರ್ಥ.

ಹಾಕಿ ನೋಡಿದಾಗ ಸರಿಯಿದೆಯೇ ಎಂದು ತಿಳಿಯುವುದು ಹೀಗೆ. ಬೆರಳುಗಳನ್ನು ಕೊನೆಯವರೆಗೆ ತೂರಿಸಿ, ಬೆರಳ ಸಂದುಗಳು ಗ್ಲೌಸಿನ ಸಂದುಗಳಿಗೆ ತಾಗಿದಾಗ ಬೆರಳ ತುದಿಯ ಮುಂದೆ ಸುಮಾರು 3ರಿಂದ 5 ಮಿಲಿಮೀಟರ್ ಖಾಲಿ ಉಳಿಯಬೇಕು. ನಂತರ ಮುಷ್ಟಿ ಕಟ್ಟಿ ಬಿಚ್ಚಿ ನೋಡಬೇಕು. ಗೆಣ್ಣುಗಳ ಮೇಲೆ ಬಿಗಿತವಾಗಲಿ, ಹೆಬ್ಬೆರಳ ಬುಡದಲ್ಲಿ ಎಳೆತವಾಗಲಿ ಇರಬಾರದು. ಕೆಲಸದ ಗ್ಲೌಸಾದರೆ ಒಂದು ಸ್ಕ್ರೂ ಅಥವಾ ನಾಣ್ಯವನ್ನು ಮೇಜಿನಿಂದ ಎತ್ತಲು ಪ್ರಯತ್ನಿಸಿದರೆ ತುದಿಯಲ್ಲಿ ಜಾಗ ಹೆಚ್ಚಿದೆಯೋ ಇಲ್ಲವೋ ತಕ್ಷಣ ತಿಳಿಯುತ್ತದೆ.

ಚಳಿಯ ಗ್ಲೌಸಿಗೆ ಇನ್ನೂ ಒಂದು ಮಾತಿದೆ. ಅಲ್ಲಿ ಬೆಚ್ಚಗಿಡುವುದು ಒಳಗಿನ ಪದರದಲ್ಲಿ ಸಿಕ್ಕಿಕೊಂಡಿರುವ ಗಾಳಿ. ಗ್ಲೌಸ್ ಬಿಗಿಯಾದರೆ ಆ ಪದರ ಒತ್ತಿಹೋಗುತ್ತದೆ, ಬೆರಳಿಗೆ ಹರಿಯುವ ರಕ್ತವೂ ಕಡಿಮೆಯಾಗುತ್ತದೆ. ದಪ್ಪ ಗ್ಲೌಸ್ ಹಾಕಿದ್ದರೂ ಬೆರಳ ತುದಿ ಮೊದಲು ಮರಗಟ್ಟುವುದಕ್ಕೆ ಇದು ಒಂದು ಮುಖ್ಯ ಕಾರಣ. ಬೆಂಗಳೂರಿನಿಂದ ಹಿಮಾಲಯದ ಚಾರಣಕ್ಕೆ ಹೊರಡುವವರು ತೆಳುವಾದ ಒಳಗ್ಲೌಸಿನ ಮೇಲೆ ದಪ್ಪ ಗ್ಲೌಸ್ ಹಾಕುವುದುಂಟು. ಅಂಥವರು ಒಳಗ್ಲೌಸ್ ಹಾಕಿಕೊಂಡೇ ಕೈಯನ್ನು ಅಳೆಯಬೇಕು, ಹೊರಗ್ಲೌಸಿಗೆ ಆ ಅಳತೆಯನ್ನು ಬಳಸಬೇಕು. ಎರಡು ಸೈಜುಗಳ ನಡುವೆ ಸಿಕ್ಕಿದಾಗ ಚಳಿಗೆ ದೊಡ್ಡದನ್ನೇ ಆರಿಸುವುದು ಸರಿ. ಹಾಗೆಂದು ಎರಡು ಸೈಜು ಮೇಲೇರಬಾರದು, ಏಕೆಂದರೆ ಬೆರಳಿನ ತುದಿಯಲ್ಲಿ ಹೆಚ್ಚಾಗಿ ಉಳಿದ ಖಾಲಿ ಜಾಗವನ್ನು ಬೆಚ್ಚಗಿಡಲು ಕೈಯ ಶಾಖವೇ ಖರ್ಚಾಗುತ್ತದೆ.

ಕೆಲಸದ ಜಾಗದಲ್ಲಿ ಸಡಿಲ ತುದಿಗಳು ಇನ್ನೂ ಕೆಟ್ಟವು. ಬೆರಳಿಗಿಂತ ಉದ್ದವಾದ ಬಟ್ಟೆ ಸ್ಪರ್ಶವನ್ನು ಮಂಕಾಗಿಸುತ್ತದೆ, ಸಾಮಾನಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಲೇತ್, ಡ್ರಿಲ್‌ನಂಥ ತಿರುಗುವ ಯಂತ್ರಗಳ ಬಳಿಯಾದರೆ ಕೈಗೆ ಚೆನ್ನಾಗಿ ಹೊಂದುವ ಗ್ಲೌಸೂ ಸುತ್ತಿಕೊಂಡು ಕೈಯನ್ನೇ ಒಳಗೆಳೆಯಬಲ್ಲದು. ಅಂಥ ಯಂತ್ರ ತಿರುಗುತ್ತಿರುವಾಗ ಯಾವ ಸೈಜಿನ ಗ್ಲೌಸನ್ನೂ ಹಾಕಬಾರದು.