ಒಂದು ವಾಕ್ಯಕ್ಕೆ ಒಂದು ಕೆಲಸ, ಮೂರಕ್ಕೆ ಇನ್ನೊಂದು

2003ರ ಜನವರಿ 16ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಹೊತ್ತು ಕೊಲಂಬಿಯಾ ನೌಕೆ ಮೇಲೇರುವಾಗ, ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡೊಂದು ಎಡರೆಕ್ಕೆಗೆ ಬಡಿಯಿತು. ನೌಕೆ ಕಕ್ಷೆಯಲ್ಲಿದ್ದಾಗಲೇ ಬೋಯಿಂಗ್ ಎಂಜಿನಿಯರುಗಳು ಹಾನಿ ಎಷ್ಟಿರಬಹುದೆಂದು ಲೆಕ್ಕಹಾಕಿ, ನಾಸಾದವರ ಮುಂದೆ ಸ್ಲೈಡುಗಳನ್ನಿಟ್ಟರು. ಅದರಲ್ಲಿ ಒಂದನ್ನು ದುರಂತದ ತನಿಖಾ ಮಂಡಳಿ ತನ್ನ ವರದಿಯಲ್ಲಿ ಹೆಸರಿಡಿದು ಟೀಕಿಸಿತು.

ಪರೀಕ್ಷೆಯ ಅಂಕಿಅಂಶ ನೋಡಿದರೆ ನಮ್ಮ ಅಂದಾಜು ಅಪಾಯವನ್ನು ಹೆಚ್ಚಾಗಿಯೇ ತೋರಿಸುತ್ತಿದೆ ಎಂಬ ಅರ್ಥದ ತಲೆಬರಹ ಆ ಸ್ಲೈಡಿಗಿತ್ತು. ಓದಿದವರು ನಿರಾಳವಾಗುವಂಥ ಮಾತು. ನಿಜವಾದ ಸುದ್ದಿ ಇದ್ದದ್ದು ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ: ಬಡಿದ ತುಂಡು 1,920 ಘನ ಇಂಚಿನದು, ಪರೀಕ್ಷೆಯದು ಬರೀ 3 ಘನ ಇಂಚಿನದು. ಅಂದರೆ 640 ಪಟ್ಟು. ಆ ಭಾಗಾಕಾರವನ್ನು ಓದುವವರೇ ಮಾಡಿಕೊಳ್ಳಬೇಕಿತ್ತು.

ಈಗ ನಾವೇ ಬರೆದು ನೋಡೋಣ. ಒಂದು ವಾಕ್ಯದಲ್ಲಿ ಹೇಳುವುದಾದರೆ: ‘ಬಡಿದ ತುಂಡು ನಾವು ಪರೀಕ್ಷಿಸಿದ್ದಕ್ಕಿಂತ 640 ಪಟ್ಟು ದೊಡ್ಡದಾದ್ದರಿಂದ ರೆಕ್ಕೆ ಸುರಕ್ಷಿತವೆಂದು ಈ ಲೆಕ್ಕದ ಮೇಲೆ ಹೇಳಲಾಗದು.’ ಇಮೇಲಿನ ವಿಷಯದ ಸಾಲಿಗೆ, ಮೊದಲ ಸ್ಲೈಡಿನ ತಲೆಬರಹಕ್ಕೆ, ಲಿಫ್ಟಿನಲ್ಲಿ ಸಿಕ್ಕ ಮೇಲಧಿಕಾರಿಗೆ ಇಷ್ಟು ಸಾಕು. ‘ಫೋಮ್ ಹಾನಿಯ ವಿಶ್ಲೇಷಣೆ’ ಎಂದು ಬರೆದರೆ ಅದು ವಿಷಯದ ಹೆಸರಾಯಿತೇ ಹೊರತು ಸಂದೇಶವಾಗಲಿಲ್ಲ. ನಮ್ಮ ಆಫೀಸುಗಳ ಬಹುಪಾಲು ಸ್ಲೈಡುಗಳ ತಲೆಬರಹ ಇದೇ ಜಾತಿಯದು.

ಸಭೆಗೆ ಬರಲಾಗದವರಿಗೆ, ಸಹಿ ಹಾಕಬೇಕಾದವರಿಗೆ ಮಾತ್ರ ಅದು ಸಾಲದು. ‘ಹಾಗಾದರೆ ಏನು ಮಾಡೋಣ?’ ಎಂದು ಅವರು ಕೇಳುತ್ತಾರೆ. ಅವರಿಗೆ ಮೂರು ವಾಕ್ಯ ಬೇಕು. ಮೊದಲನೆಯದು ಮೇಲಿನದೇ, ಬದಲಾಯಿಸದೆ. ಎರಡನೆಯದು ಕಾರಣ: ‘ಚಿಕ್ಕ ತುಂಡುಗಳ ಮೇಲೆ ಕಟ್ಟಿದ ಲೆಕ್ಕದ ಸೂತ್ರ ಇಷ್ಟು ದೊಡ್ಡ ಹೊಡೆತಕ್ಕೆ ಸರಿಹೊಂದುತ್ತದೆಯೇ ಎಂದು ಯಾರೂ ಪರೀಕ್ಷಿಸಿಲ್ಲ.’ ಮೂರನೆಯದು ಕೋರಿಕೆ: ‘ನೌಕೆ ಕೆಳಗಿಳಿಯುವ ಮೊದಲೇ ಕಕ್ಷೆಯಲ್ಲಿ ರೆಕ್ಕೆಯ ಫೋಟೊ ತೆಗೆಸಲು ಅನುಮತಿ ಕೊಡಿ.’ ಅಂಥ ಫೋಟೊ ಬೇಕೆಂದು ಎಂಜಿನಿಯರುಗಳು ಕೇಳಿದ್ದೂ ನಿಜ, ಮೇಲಿನವರು ಆ ಕೋರಿಕೆಯನ್ನು ಕೈಬಿಟ್ಟದ್ದೂ ನಿಜ. ಸ್ಲೈಡೊಂದು ನೆಟ್ಟಗಿದ್ದರೆ ಎಲ್ಲರೂ ಬದುಕುತ್ತಿದ್ದರು ಎಂದು ಇದರಿಂದ ಹೇಳಲಾಗದು. ಆ ಸಭೆಗಳಲ್ಲಿ ಬೇರೆ ಒತ್ತಡಗಳೂ ಇದ್ದವು.

ಎಡವುವುದು ಸಾಮಾನ್ಯವಾಗಿ ಮೊಟಕು ಮಾಡುವಾಗ. ಉದ್ದವಾಯಿತೆಂದು ‘ಈ ಲೆಕ್ಕದ ಮೇಲೆ ಹೇಳಲಾಗದು’ ಎಂಬುದನ್ನು ‘ರೆಕ್ಕೆಗೆ ಅಪಾಯವಿದೆ’ ಎಂದು ತಿದ್ದಿದರೆ ವಾಕ್ಯ ಚುರುಕಾಗುತ್ತದೆ, ಆದರೆ ಸುಳ್ಳಾಗುತ್ತದೆ. ಅಪಾಯವಿದೆಯೆಂದು ಆಗ ಯಾರಿಗೂ ಖಚಿತವಿರಲಿಲ್ಲ. ಗೊತ್ತಿಲ್ಲ ಎಂಬುದೇ ಸಂದೇಶವಾಗಿತ್ತು. ಜಾಗ ಸಾಲದಿದ್ದರೆ ವಿಶೇಷಣಗಳನ್ನು ತೆಗೆಯಿರಿ, ಸಂಶಯವನ್ನು ಉಳಿಸಿಕೊಳ್ಳಿ.

ಬರೆದಾದ ಮೇಲೆ, ಸ್ಲೈಡುಗಳನ್ನು ನೋಡದ ಸಹೋದ್ಯೋಗಿಗೆ ಆ ಮೂರು ವಾಕ್ಯಗಳನ್ನಷ್ಟೇ ಕೊಟ್ಟು, ‘ನಿಮ್ಮಿಂದ ಏನಾಗಬೇಕಂತೆ?’ ಎಂದು ಕೇಳಿ. ಉತ್ತರ ತಪ್ಪಿದರೆ ತಿದ್ದಬೇಕಾದ್ದು ಮೂರನೆಯ ವಾಕ್ಯ.