ಹಿಂದಿರುಗುವ ಹಳದಿ ಗೆರೆ

ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪ್ರಿಸಂ ಮತ್ತು ಸ್ಪೆಕ್ಟ್ರೋಮೀಟರ್ ಸಿಕ್ಕವರನ್ನು ಪರೀಕ್ಷಕರು ಕೇಳದೆ ಬಿಡದ ಪ್ರಶ್ನೆ ಒಂದಿದೆ: ‘ಕನಿಷ್ಠ ವಿಚಲನೆಯಲ್ಲೇ ಯಾಕಮ್ಮ ಅಳೆದೆ?’ ‘ಸೂತ್ರದಲ್ಲಿ ಹಾಗೇ ಇದೆ ಸರ್’ ಅಂದರೆ ಅರ್ಧ ಅಂಕ ಸಿಗಬಹುದು. ಉಳಿದರ್ಧ ಇರುವುದು ಕಣ್ಣೆದುರಿನ ಹಳದಿ ಗೆರೆಯಲ್ಲಿ.

ಸೋಡಿಯಂ ದೀಪದ ಬೆಳಕು ಪ್ರಿಸಂ ಒಳಗೆ ಹಾದು ಹೊರಬರುವಾಗ ತನ್ನ ನೇರ ದಾರಿಯಿಂದ ಎಷ್ಟು ಬಾಗಿತೋ ಅದೇ ವಿಚಲನೆ. ಪ್ರಿಸಂ ಇಟ್ಟ ಮೇಜನ್ನು ನಿಧಾನವಾಗಿ ತಿರುಗಿಸುತ್ತ ಟೆಲಿಸ್ಕೋಪಿನಲ್ಲಿ ಗೆರೆಯನ್ನು ಹಿಂಬಾಲಿಸಿ. ಅದು ನೇರ ದಾರಿಯ ಕಡೆಗೆ ಸರಿಯುತ್ತ ಹೋಗಿ, ಒಂದು ಕಡೆ ನಿಂತು, ಮೇಜನ್ನು ನೀವು ಅದೇ ದಿಕ್ಕಿಗೆ ತಿರುಗಿಸುತ್ತಿದ್ದರೂ ಹಿಂದಕ್ಕೆ ಹೊರಡುತ್ತದೆ. ಅದು ನಿಂತ ಜಾಗವೇ ಕನಿಷ್ಠ ವಿಚಲನೆ. ಆಗ ಕಿರಣ ಒಳಹೋಗುವ ಕೋನವೂ ಹೊರಬರುವ ಕೋನವೂ ಸಮ. ಗೆರೆ ನಿಲ್ಲದೆ ಒಂದೇ ದಿಕ್ಕಿಗೆ ಓಡುತ್ತಲೇ ಇದ್ದರೆ, ನೀವು ನೋಡುತ್ತಿರುವುದು ಪ್ರಿಸಂನ ಹೊರಮೈಯಿಂದ ಪ್ರತಿಫಲಿಸಿದ ಬಿಂಬ. ಅದನ್ನು ಎಷ್ಟು ಹೊತ್ತು ಹಿಂಬಾಲಿಸಿದರೂ ಅದು ತಿರುಗಿ ಬರುವುದಿಲ್ಲ.

ಈಗ ‘ಯಾಕೆ’ ಎಂಬುದಕ್ಕೆ ಬರೋಣ. ಚಿಕ್ಕ ಉತ್ತರ ಇಷ್ಟು: ‘ಅಲ್ಲಿ ಸೂತ್ರ ಸರಳವಾಗುತ್ತದೆ ಸರ್, ಜೊತೆಗೆ ಪ್ರಿಸಂ ಇಡುವುದರಲ್ಲಿ ಆದ ಸಣ್ಣ ತಪ್ಪು ಅಳತೆಗೆ ತಾಗುವುದಿಲ್ಲ.’ ಎರಡನೆಯ ಮಾತೇ ಮುಖ್ಯ, ಹೆಚ್ಚಿನವರು ಬಿಡುವುದೂ ಅದನ್ನೇ. ಪ್ರಿಸಂ ಕೋನ 60°, ಕನಿಷ್ಠ ವಿಚಲನೆ 39° ಎಂದಿಟ್ಟುಕೊಳ್ಳಿ. ಕಿರಣ 49.5° ಕೋನದಲ್ಲಿ ಒಳಹೋಗಬೇಕು. ಮೇಜು ಒಂದು ಡಿಗ್ರಿ ಹೆಚ್ಚು ತಿರುಗಿ ಅದು 50.5° ಆಯಿತೆನ್ನಿ. ಲೆಕ್ಕ ಹಾಕಿದರೆ ವಿಚಲನೆ ಹೆಚ್ಚುವುದು ಒಂದು ಮಿನಿಟಿಗಿಂತಲೂ ಕಡಿಮೆ. ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗವೂ ಇಲ್ಲ! ಅದೇ 59.5°ಯಲ್ಲಿ ಅಳೆಯುತ್ತಿದ್ದು ಒಂದು ಡಿಗ್ರಿ ತಪ್ಪಿದ್ದರೆ ವಿಚಲನೆ ಸುಮಾರು 16 ಮಿನಿಟು ಬದಲಾಗುತ್ತಿತ್ತು. ಕಣಿವೆಯ ತಳದಲ್ಲಿ ಒಂದು ಹೆಜ್ಜೆ ಆಚೀಚೆ ಇಟ್ಟರೂ ಎತ್ತರ ಹೆಚ್ಚು ಬದಲಾಗದಂತೆ ಇದು.

‘ಬೆಳಕು ಸಮಾಂತರವಾಗಿರಬೇಕೇಕೆ?’ ಎಂಬ ಪ್ರಶ್ನೆಯ ಉತ್ತರವೂ ಇದರ ಪಕ್ಕದಲ್ಲೇ ಇದೆ. ಎಲ್ಲ ಕಿರಣಗಳೂ ಒಂದೇ ಕೋನದಲ್ಲಿ ಪ್ರಿಸಂಗೆ ಬಿದ್ದರೆ ಎಲ್ಲವೂ ಒಂದೇ ಅಳತೆಯಷ್ಟು ಬಾಗುತ್ತವೆ, ಬಿಂಬ ಚೊಕ್ಕವಾಗಿ ಮೂಡುತ್ತದೆ. ಅದಕ್ಕೇ ಮೊದಲು ಟೆಲಿಸ್ಕೋಪನ್ನು ಕಿಟಕಿಯಾಚೆಯ ದೂರದ ಮರಕ್ಕೋ ಕಟ್ಟಡಕ್ಕೋ ಹೊಂದಿಸಿ, ಆಮೇಲೆ ಅದರಲ್ಲಿ ಸ್ಲಿಟ್ ಸ್ಪಷ್ಟವಾಗಿ ಕಾಣುವವರೆಗೆ ಕೊಲಿಮೇಟರನ್ನು ಹೊಂದಿಸುವುದು. ಲ್ಯಾಬಿನಿಂದ ದೂರದ ವಸ್ತು ಕಾಣದಿದ್ದರೆ ಪ್ರಿಸಂ ಬಳಸಿಯೇ ಹೊಂದಿಸುವ ಶುಸ್ಟರ್ ವಿಧಾನವಿದೆ. ಹೆಸರು ಹೇಳಿದರೆ ವಿಧಾನವನ್ನೂ ಕೇಳುತ್ತಾರೆ, ಹುಷಾರು.

‘ಎರಡು ವರ್ನಿಯರ್ ಯಾಕೆ, ಒಂದು ಸಾಲದೆ?’ ಡಿಗ್ರಿ ಕೊರೆದ ವೃತ್ತದ ಕೇಂದ್ರವೂ ಟೆಲಿಸ್ಕೋಪ್ ತಿರುಗುವ ಅಕ್ಷವೂ ಕರಾರುವಾಕ್ಕಾಗಿ ಒಂದೇ ಕಡೆ ಇರುವುದಿಲ್ಲ. ಆ ದೋಷ ಒಂದು ಕಿಟಕಿಯಲ್ಲಿ ಓದನ್ನು ಹೆಚ್ಚಿಸಿದರೆ ಎದುರಿನ ಕಿಟಕಿಯಲ್ಲಿ ಅಷ್ಟೇ ಇಳಿಸುತ್ತದೆ. ಒಂದು ಉದಾಹರಣೆ ನೋಡಿ. ಮೊದಲ ಕಿಟಕಿಯಲ್ಲಿ ಕನಿಷ್ಠ ವಿಚಲನೆಯ ಓದು 341°12′, ಪ್ರಿಸಂ ತೆಗೆದು ನೇರವಾಗಿ ನೋಡಿದಾಗ 20°14′. ನಡುವೆ ಸೊನ್ನೆ ದಾಟಿದೆ. ಹೀಗಾಗಿ 20°14′ಕ್ಕೆ 360° ಕೂಡಿಸಿ ಕಳೆಯಬೇಕು: 39°2′. ಗಾಬರಿಯಲ್ಲಿ ನೇರವಾಗಿ ಕಳೆದು 320°58′ ಬರೆದಿಟ್ಟ ರೆಕಾರ್ಡುಗಳಿಗೆ ಕೊರತೆಯಿಲ್ಲ. ಎರಡನೇ ಕಿಟಕಿಯಲ್ಲಿ 161°10′ ಮತ್ತು 200°8′, ವ್ಯತ್ಯಾಸ 38°58′. ಸರಾಸರಿ ಸರಿಯಾಗಿ 39°.

ಇನ್ನು ಸೂತ್ರ:

n = sin((A + D)/2) / sin(A/2)

A ಪ್ರಿಸಂ ಕೋನ, D ಕನಿಷ್ಠ ವಿಚಲನೆ. sin 49.5° ಅಂದರೆ 0.7604, sin 30° ಅಂದರೆ 0.5. ಭಾಗಿಸಿದರೆ ವಕ್ರೀಭವನ ಸೂಚ್ಯಂಕ 1.521, ಕ್ರೌನ್ ಗಾಜಿಗೆ ಒಪ್ಪುವ ಬೆಲೆ. ಇದಕ್ಕೆ ಏಕಮಾನವಿಲ್ಲ. ‘ಯಾವ ಬಣ್ಣಕ್ಕೆ?’ ಎಂದು ಕೇಳಿದರೆ ‘ಸೋಡಿಯಂ ಹಳದಿಗೆ ಸರ್’ ಎನ್ನಬೇಕು. ನೇರಳೆಗೆ ಇದೇ ಗಾಜಿನ ಬೆಲೆ ಹೆಚ್ಚು, ಕೆಂಪಿಗೆ ಕಡಿಮೆ.

ಕ್ಯಾಲ್ಕುಲೇಟರ್ ಪರದೆ ತುಂಬ ಅಂಕಿ ತೋರಿಸುವುದರಿಂದ ಒಂದು ಪ್ರಶ್ನೆ ಈಚೆಗೆ ಇನ್ನಷ್ಟು ಉಪಯುಕ್ತವಾಗಿದೆ: ‘1.52081 ಅಂತ ಬರೆದಿದ್ದೀಯಲ್ಲ, ಅಷ್ಟು ನಂಬಬಹುದಾ?’ ಲ್ಯಾಬಿನ ಸಾಮಾನ್ಯ ಉಪಕರಣದಲ್ಲಿ ಮುಖ್ಯ ಮಾಪಕದ ಒಂದು ಭಾಗ ಅರ್ಧ ಡಿಗ್ರಿ, ವರ್ನಿಯರಿನಲ್ಲಿ 30 ಭಾಗ. ಹಾಗಾಗಿ ಓದಬಹುದಾದ ಕನಿಷ್ಠ ಅಳತೆ ಒಂದು ಮಿನಿಟು. ವಿಚಲನೆಯಲ್ಲಿ ಒಂದು ಮಿನಿಟು ತಪ್ಪಿದರೆ ಈ ಪ್ರಿಸಂಗೆ ಉತ್ತರ ಸುಮಾರು 0.0002ರಷ್ಟು ಕದಲುತ್ತದೆ. ನಾಲ್ಕನೇ ದಶಮಾಂಶವೇ ಅನುಮಾನದ್ದು, ಐದನೆಯದಕ್ಕೆ ಅರ್ಥವೇ ಇಲ್ಲ. ‘1.521 ಸರ್’ ಎಂದು ತಿದ್ದಿಕೊಂಡರೆ ಸಾಕು.